ಒಂದೇ ಪುಸ್ತಕ, ನಾಲ್ಕು ಪುಟದ ಪಾಠ: ಡಿಸ್ಲೆಕ್ಸಿಯಾ ಇರುವ ವಿದ್ಯಾರ್ಥಿಗೆ ಅದನ್ನು ಹೊಂದಿಸುವುದು ಹೇಗೆ?

ತರಗತಿಯಲ್ಲಿ ಪಠ್ಯಪುಸ್ತಕದ ಪ್ರತಿಗಳು ಕಡಿಮೆ. ದೊಡ್ಡ ಅಕ್ಷರದ ಮುದ್ರಣವಿಲ್ಲ, ನೆರಳಚ್ಚು ಮಾಡಿಸುವ ಅನುಕೂಲವೂ ಇಲ್ಲ. ಇರುವುದು ಕಪ್ಪುಹಲಗೆ, ಸೀಮೆಸುಣ್ಣ, ಒಂದು ಮಗ್ಗುಲು ಬಳಸಿ ಮುಗಿದ ಹಾಳೆಗಳು ಮತ್ತು ದಪ್ಪ ಮೊನೆಯ ಒಂದು ಪೆನ್ನು. ಈ ವಾರ ಕಲಿಸಬೇಕಾದದ್ದು ಬೀಜ ಪ್ರಸಾರದ ಬಗ್ಗೆ ನಾಲ್ಕು ಪುಟಗಳ ವಿಜ್ಞಾನ ಪಾಠ. ತರಗತಿಯಲ್ಲಿ ಹತ್ತು, ಹನ್ನೊಂದು ವರ್ಷದ ಒಬ್ಬ ಹುಡುಗಿ ಇದ್ದಾಳೆ. ಒಂದೊಂದು ಅಕ್ಷರವನ್ನೂ ಕೂಡಿಸಿ ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಅದರ ಮೊದಲನ್ನು ಮರೆತಿರುತ್ತಾಳೆ. ಅದೇ ಹುಡುಗಿ ಕಿವಿಯಿಂದ ಕೇಳಿದ್ದನ್ನು ಎಲ್ಲರಿಗಿಂತ ಮೊದಲು ಹೇಳುತ್ತಾಳೆ. ಈ ಪಾಠವನ್ನು ಅವಳಿಗೆ ಹೊಂದಿಸುವ ಕೆಲಸವನ್ನು ಇಲ್ಲಿ ಮೊದಲಿನಿಂದ ಕೊನೆಯವರೆಗೆ ಹಂತ ಹಂತವಾಗಿ ನೋಡೋಣ.

ಡಿಸ್ಲೆಕ್ಸಿಯಾದ ತೊಡಕು ಮುಖ್ಯವಾಗಿ ಅಕ್ಷರವನ್ನು ಅದರ ಧ್ವನಿಯೊಂದಿಗೆ ಬೇಗನೆ, ತಪ್ಪಿಲ್ಲದೆ ಜೋಡಿಸುವುದರಲ್ಲಿದೆ. ಅದು ಕಣ್ಣಿನ ದೋಷವಲ್ಲ, ಬುದ್ಧಿಯ ಕೊರತೆಯೂ ಅಲ್ಲ. ಓದಿನ ಸಂಶೋಧಕರಾದ ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ 1986ರಲ್ಲಿ ಓದನ್ನು ಒಂದು ಸರಳ ಗುಣಾಕಾರವಾಗಿ ವಿವರಿಸಿದರು. ಅಕ್ಷರ ಬಿಡಿಸುವ ಶಕ್ತಿಯನ್ನು ಭಾಷೆ ಗ್ರಹಿಸುವ ಶಕ್ತಿಯಿಂದ ಗುಣಿಸಿದರೆ ಬರುವುದೇ ಓದಿ ತಿಳಿಯುವ ಶಕ್ತಿ. ಗುಣಾಕಾರವಾದ್ದರಿಂದ ಒಂದು ಪಾಲು ಸೊನ್ನೆಯ ಹತ್ತಿರ ಇಳಿದರೆ ಇನ್ನೊಂದು ಎಷ್ಟೇ ಚೆನ್ನಾಗಿದ್ದರೂ ಫಲ ಸೊನ್ನೆಯ ಹತ್ತಿರವೇ ನಿಲ್ಲುತ್ತದೆ. ನಾಲ್ಕು ಪುಟಗಳನ್ನು ಈ ಹುಡುಗಿಯ ಮುಂದಿಟ್ಟಾಗ ಆಗುವುದು ಇದೇ. ಆದ್ದರಿಂದ ಎರಡು ಕೆಲಸಗಳನ್ನು ಬೇರೆ ಮಾಡಬೇಕು. ಪಾಠದ ವಿಷಯ ಕಿವಿ, ಕೈ ಮತ್ತು ಚಿತ್ರದ ಮೂಲಕ ಪೂರ್ತಿಯಾಗಿ ಅವಳನ್ನು ತಲುಪಬೇಕು. ಓದಿನ ಅಭ್ಯಾಸ ಅದೇ ವಿಷಯದ ಒಂದು ಸಣ್ಣ ತುಂಡಿನ ಮೇಲೆ ನಡೆಯಬೇಕು. ಮುಂದಿನ ಎಲ್ಲ ಹಂತಗಳೂ ಈ ಒಂದು ನಿರ್ಧಾರದಿಂದಲೇ ಹುಟ್ಟುತ್ತವೆ.

ಮೊದಲು ತೊಡಕು ಎಲ್ಲಿದೆ ಎಂದು ನೋಡಿ

ಪಾಠಕ್ಕೆ ಒಂದೆರಡು ದಿನ ಮೊದಲು ಐದು ನಿಮಿಷದ ಒಂದು ಪರೀಕ್ಷೆ ಮಾಡಿ. ಅವಳಿಗೆ ಹೊಸದಾದ, ಹೆಚ್ಚುಕಡಿಮೆ ಸಮಾನ ಕಷ್ಟದ ಎರಡು ಪ್ಯಾರಾಗಳನ್ನು ಆರಿಸಿಕೊಳ್ಳಿ. ಒಂದನ್ನು ನೀವು ಓದಿ ಹೇಳಿ ಮೂರು ಪ್ರಶ್ನೆ ಕೇಳಿ. ಇನ್ನೊಂದನ್ನು ಅವಳೇ ಓದಲಿ, ಮತ್ತೆ ಮೂರು ಪ್ರಶ್ನೆ ಕೇಳಿ. ಬೇರೆ ಯಾರೂ ಕೇಳಿಸಿಕೊಳ್ಳದ ಜಾಗದಲ್ಲಿ ಇದನ್ನು ಮಾಡುವುದು ಮುಖ್ಯ. ಕೇಳಿದ ಪ್ಯಾರಾಕ್ಕೆ ಸರಿಯಾದ ಉತ್ತರ ಬಂದು ಓದಿದ್ದಕ್ಕೆ ಬಾರದಿದ್ದರೆ ಈ ಲೇಖನದ ದಾರಿ ಅವಳಿಗೆ ಸರಿಹೊಂದುತ್ತದೆ. ಎರಡಕ್ಕೂ ಉತ್ತರ ಬಾರದಿದ್ದರೆ ಪಾಠದ ಭಾಷೆಯೇ ಅವಳಿಗೆ ಹೊಸದಿರಬಹುದು, ಕಿವಿ ಸರಿಯಾಗಿ ಕೇಳಿಸದಿರಬಹುದು, ಅಥವಾ ವಿಷಯಕ್ಕೆ ಬೇಕಾದ ಹಿನ್ನೆಲೆ ಇಲ್ಲದಿರಬಹುದು. ಆಗ ಹಾಳೆಯ ಅಕ್ಷರ ದೊಡ್ಡದು ಮಾಡಿ ಪ್ರಯೋಜನವಿಲ್ಲ. ಈ ಪರೀಕ್ಷೆಯಿಂದ ಡಿಸ್ಲೆಕ್ಸಿಯಾ ಇದೆ, ಇಲ್ಲ ಎಂದು ತೀರ್ಮಾನಿಸಲು ಆಗದು. ಅದು ತರಬೇತಿ ಪಡೆದ ತಜ್ಞರ ಕೆಲಸ. ಈ ಪಾಠವನ್ನು ಯಾವ ದಾರಿಯಲ್ಲಿ ಒಯ್ಯಬೇಕು ಎಂಬುದನ್ನಷ್ಟೇ ಇದು ತಿಳಿಸುತ್ತದೆ.

ಪಾಠದಿಂದ ಏನು ಉಳಿಯಬೇಕು?

ನಾಲ್ಕು ಪುಟಗಳನ್ನು ನೀವು ಒಮ್ಮೆ ಓದಿ ಪುಸ್ತಕ ಮುಚ್ಚಿ. ಪಾಠ ಮುಗಿದ ಮೇಲೆ ಪ್ರತಿಯೊಬ್ಬರೂ ಹೇಳಲೇಬೇಕಾದ ಮಾತುಗಳನ್ನು ನೆನಪಿನಿಂದ ಬರೆಯಿರಿ. ಬೀಜ ಪ್ರಸಾರದ ಪಾಠದಲ್ಲಿ ಅವು ಎರಡೇ. ತಾಯಿಗಿಡದ ಬುಡದಲ್ಲೇ ಬೀಜಗಳೆಲ್ಲ ಬಿದ್ದರೆ ಬೆಳಕು, ನೀರು, ಜಾಗಕ್ಕೆ ಪೈಪೋಟಿ ಹುಟ್ಟುತ್ತದೆ, ಆದ್ದರಿಂದ ಅವು ದೂರ ಹೋಗಬೇಕು. ಬೀಜದ ಅಥವಾ ಕಾಯಿಯ ರಚನೆಯನ್ನು ನೋಡಿದರೆ ಅದು ಹೇಗೆ ದೂರ ಹೋಗುತ್ತದೆ ಎಂದು ಊಹಿಸಬಹುದು. ಗಾಳಿ, ನೀರು, ಪ್ರಾಣಿ, ಸಿಡಿತ ಎಂಬ ನಾಲ್ಕು ದಾರಿಗಳು ಎರಡನೆಯ ಮಾತಿಗೆ ಉದಾಹರಣೆಗಳು. ಉಳಿದದ್ದು ವಿವರಣೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಭಾಷೆಯನ್ನು ಹಗುರ ಮಾಡುವ ಭರದಲ್ಲಿ ಕಾರಣಗಳನ್ನು ಕೈಬಿಡುವುದು ನಾನು ಅತಿ ಹೆಚ್ಚು ಕಂಡಿರುವ ದೋಷ. ‘ಎಕ್ಕದ ಬೀಜ ಗಾಳಿಯಲ್ಲಿ ಹಾರುತ್ತದೆ’ ಎಂಬುದಷ್ಟೇ ಉಳಿದು ‘ಏಕೆ ಹಾರಬಲ್ಲದು’ ಎಂಬುದು ಹೋದರೆ ಆ ಹುಡುಗಿಗೆ ದಕ್ಕುವುದು ಸಣ್ಣ ತರಗತಿಯ ಪಾಠ. ಅವಳ ತೊಡಕು ಇರುವುದು ಅಕ್ಷರದಲ್ಲಿ. ಯೋಚನೆಯ ಎತ್ತರವನ್ನು ಇಳಿಸುವ ಹಕ್ಕು ನಮಗಿಲ್ಲ.

ಒಂದು ಹಾಳೆ ಬರೆಯುವುದು

ಈಗ ಅವಳು ತಾನೇ ಓದಬೇಕಾದ ತುಂಡನ್ನು ಸಿದ್ಧಪಡಿಸಿ. ನಾಲ್ಕು ಪುಟಕ್ಕೆ ಒಂದೇ ಹಾಳೆ, ನಲವತ್ತರಿಂದ ಅರವತ್ತು ಪದ ಸಾಕು. ಪುಸ್ತಕದ ವಾಕ್ಯ ಸಾಮಾನ್ಯವಾಗಿ ಹೀಗಿರುತ್ತದೆ:

‘ಸಸ್ಯಗಳು ಚಲಿಸಲಾರದ ಜೀವಿಗಳಾದ್ದರಿಂದ ತಮ್ಮ ಬೀಜಗಳನ್ನು ದೂರದ ಪ್ರದೇಶಗಳಿಗೆ ತಲುಪಿಸಲು ಗಾಳಿ, ನೀರು, ಪ್ರಾಣಿಗಳು ಮೊದಲಾದ ಬಾಹ್ಯ ಮಾಧ್ಯಮಗಳನ್ನು ಅವಲಂಬಿಸುತ್ತವೆ.’

ಹದಿನೈದು ಪದಗಳ ಒಂದೇ ವಾಕ್ಯ. ‘ಜೀವಿಗಳಾದ್ದರಿಂದ’ ಎಂಬ ಒಂದು ಪದಕ್ಕೇ ಏಳು ಅಕ್ಷರ. ಸ್ಯ, ಪ್ರ, ಪ್ರಾ, ಹ್ಯ, ಧ್ಯ ಎಂದು ಐದು ಕಡೆ ವಿಜಾತೀಯ ಒತ್ತಕ್ಷರಗಳಿವೆ. ಕ್ರಿಯಾಪದ ಬರುವುದು ಕೊಟ್ಟಕೊನೆಗೆ, ಅಲ್ಲಿಯವರೆಗೆ ಓದಿದ್ದನ್ನೆಲ್ಲ ನೆನಪಿನಲ್ಲಿ ಹಿಡಿದಿರಬೇಕು. ಅಕ್ಷರ ಬಿಡಿಸುವುದಕ್ಕೇ ನೆನಪಿನ ಬಲವೆಲ್ಲ ಖರ್ಚಾಗುವವರಿಗೆ ಇದು ಅಸಾಧ್ಯದ ಕೆಲಸ. ಅವಳ ಹಾಳೆ ಹೀಗಿರಲಿ:

ಗಿಡ ನಡೆಯಲಾರದು.
ಬೀಜ ಗಿಡದ ಬುಡದಲ್ಲೇ ಬಿದ್ದರೆ
ಅದಕ್ಕೆ ಬೆಳಕು, ನೀರು ಸಾಲದು.
ಆದ್ದರಿಂದ ಬೀಜ ದೂರ ಹೋಗಬೇಕು.
ಇದೇ ಬೀಜ ಪ್ರಸಾರ.

ಎಕ್ಕದ ಬೀಜಕ್ಕೆ ನವಿರು ಎಳೆಗಳಿವೆ.
ಅದು ಗಾಳಿಯಲ್ಲಿ ಹಾರುತ್ತದೆ.

ತೆಂಗಿನ ಕಾಯಿಗೆ ನಾರು ಇದೆ.
ಅದು ನೀರಿನಲ್ಲಿ ತೇಲುತ್ತದೆ.

ಕೆಲವು ಬೀಜಗಳಿಗೆ ಕೊಕ್ಕೆ ಇದೆ.
ಅವು ಪ್ರಾಣಿಯ ಮೈಗೆ ಅಂಟುತ್ತವೆ.

ಕರ್ಣಕುಂಡಲದ ಕಾಯಿ ಬಲಿತಾಗ ಸಿಡಿಯುತ್ತದೆ.
ಬೀಜ ದೂರ ಚಿಮ್ಮುತ್ತದೆ.

ಒಟ್ಟು 46 ಪದ. ಲ್ಲ, ದ್ದ, ಕ್ಕ, ತ್ತ, ಮ್ಮ ಇವೆಲ್ಲ ಸಜಾತೀಯ ಒತ್ತುಗಳು. ಅದೇ ವ್ಯಂಜನ ಇಮ್ಮಡಿಯಾಗುವುದರಿಂದ ಇವನ್ನು ಬಿಡಿಸುವುದು ಸಾಮಾನ್ಯವಾಗಿ ಸುಲಭ. ವಿಜಾತೀಯ ಸಂಯೋಗ ಎರಡೇ ಉಳಿದಿವೆ: ‘ಪ್ರಸಾರ’, ‘ಪ್ರಾಣಿ’ಗಳಲ್ಲಿರುವ ‘ಪ್ರ’ ಮತ್ತು ‘ಕರ್ಣ’ದಲ್ಲಿರುವ ಅರ್ಕಾವೊತ್ತು. ‘ಪ್ರಸಾರ’ವನ್ನು ಬದಲಿಸಿ ‘ಹರಡುವುದು’ ಎಂದು ಬರೆಯಲು ಮನಸ್ಸಾಗುತ್ತದೆ, ಬರೆಯಬೇಡಿ. ಪಾರಿಭಾಷಿಕ ಪದ ಪರೀಕ್ಷೆಯಲ್ಲಿಯೂ ಮುಂದಿನ ತರಗತಿಯಲ್ಲಿಯೂ ಎದುರಾಗುತ್ತದೆ. ಅದನ್ನು ಉಳಿಸಿಕೊಂಡು ಸುತ್ತಲಿನ ಪದಗಳನ್ನು ಹಗುರ ಮಾಡುವುದು ಸರಿಯಾದ ಕ್ರಮ.

ಇನ್ನು ಕೈಬರಹ. ಅಕ್ಷರಗಳು ಬಿಡಿಬಿಡಿಯಾಗಿ, ಅಲಂಕಾರವಿಲ್ಲದೆ, ಸುಮಾರು ಒಂದು ಸೆಂಟಿಮೀಟರ್ ಎತ್ತರ ಇರಲಿ. ಕನ್ನಡದಲ್ಲಿ ಸಾಲುಗಳ ನಡುವಿನ ಜಾಗಕ್ಕೆ ವಿಶೇಷ ಗಮನ ಬೇಕು, ಏಕೆಂದರೆ ಒತ್ತುಗಳು ಕೆಳಗೆ ಇಳಿಯುತ್ತವೆ, ತಲೆಕಟ್ಟು ಮತ್ತು ಗುಡಿಸು ಮೇಲೆ ಏರುತ್ತವೆ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುವಂತಿದ್ದರೆ ಯಾವುದು ಯಾವ ಅಕ್ಷರದ್ದು ಎಂಬುದೇ ಗೊಂದಲವಾಗುತ್ತದೆ. ಗೆರೆ ಹಾಳೆಯಾದರೆ ಒಂದು ಗೆರೆ ಬಿಟ್ಟು ಒಂದರಲ್ಲಿ ಬರೆಯಿರಿ. ಪದಗಳ ನಡುವೆ ಒಂದು ಅಕ್ಷರದಷ್ಟು ಜಾಗವಿರಲಿ. ಸಾಲಿನ ಕೊನೆಯಲ್ಲಿ ಪದವನ್ನು ಎಂದೂ ತುಂಡು ಮಾಡಬೇಡಿ. ಅರ್ಥ ನಿಲ್ಲುವ ಕಡೆ ಸಾಲು ಮುರಿಯಿರಿ, ಬಲಗಡೆಯ ಅಂಚು ಸಮವಾಗಿಲ್ಲದಿದ್ದರೂ ಚಿಂತೆಯಿಲ್ಲ. ಬಳಸಿದ ಹಾಳೆಯ ಹಿಂಬದಿಯಲ್ಲಿ ಬರೆಯುವಾಗ ಮುಂಬದಿಯ ಬರಹ ಇಣುಕುತ್ತದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಇಣುಕುತ್ತಿದ್ದರೆ ಬೇರೆ ಹಾಳೆ ತೆಗೆದುಕೊಳ್ಳಿ. ಬಣ್ಣದ ಪಾರದರ್ಶಕ ಹಾಳೆಯನ್ನು ಪುಟದ ಮೇಲಿಟ್ಟರೆ ಡಿಸ್ಲೆಕ್ಸಿಯಾ ಹೋಗುತ್ತದೆ ಎಂಬ ಮಾತು ಕೇಳಿರಬಹುದು. ಅದಕ್ಕೆ ಗಟ್ಟಿ ಆಧಾರವಿಲ್ಲ. ಆ ಹಣ ಮತ್ತು ಸಮಯವನ್ನು ಈ ಕೈಬರಹದ ಹಾಳೆಗೇ ಕೊಡಿ.

ಪದಗಳನ್ನು ಮುಂಚೆಯೇ ಕೈಗೆ ಕೊಡುವುದು

ಪಾಠದ ಹಿಂದಿನ ದಿನ ಐದಾರು ನಿಮಿಷ ಅವಳ ಜೊತೆ ಕುಳಿತು ಹಾಳೆಯಲ್ಲಿನ ನಾಲ್ಕು ಪದಗಳನ್ನು ತೆಗೆದುಕೊಳ್ಳಿ: ಪ್ರಸಾರ, ಪ್ರಾಣಿ, ಕರ್ಣಕುಂಡಲ, ಚಿಮ್ಮುತ್ತದೆ. ಮೊದಲು ಬರಹ ಬೇಡ, ಬಾಯಿಮಾತು ಮಾತ್ರ. ‘ಪ್ರ, ಸಾ, ರ’ ಎಂದು ಬಿಡಿಸಿ ಹೇಳಿ, ಅವಳು ಕೂಡಿಸಲಿ. ಆಮೇಲೆ ಅವಳೇ ಬಿಡಿಸಲಿ, ನೀವು ಕೂಡಿಸಿ. ಧ್ವನಿ ಸ್ಪಷ್ಟವಾದ ನಂತರವೇ ಹಲಗೆಯ ಮೇಲೆ ಬರೆಯಿರಿ.

ಅರ್ಕಾವೊತ್ತಿಗೆ ಒಂದು ನಿಮಿಷ ಹೆಚ್ಚು ಕೊಡಬೇಕು. ‘ಕರ್ಣ’ ಎನ್ನುವಾಗ ಕಿವಿಗೆ ಮೊದಲು ಬೀಳುವುದು ‘ರ್’, ಆಮೇಲೆ ‘ಣ’. ಬರಹದಲ್ಲಿ ಕಣ್ಣಿಗೆ ಮೊದಲು ಸಿಗುವುದು ‘ಣ’, ಅದರ ನಂತರ ಅರ್ಕಾವೊತ್ತು. ಧ್ವನಿಯ ಕ್ರಮ ಒಂದು, ಬರಹದ ಕ್ರಮ ಇನ್ನೊಂದು. ಬಹಳ ಮಕ್ಕಳು ಇಲ್ಲಿ ತಡವರಿಸುತ್ತಾರೆ. ಡಿಸ್ಲೆಕ್ಸಿಯಾ ಇರುವವರು ಇಲ್ಲಿ ನಿಂತೇ ಬಿಡಬಹುದು. ‘ಈ ಗುರುತು ಕಂಡರೆ ಅದರ ಹಿಂದಿನ ಅಕ್ಷರಕ್ಕಿಂತ ಮೊದಲು ರ್ ಹೇಳು’ ಎಂದು ನಿಯಮವನ್ನೇ ನೇರವಾಗಿ ಹೇಳಿಕೊಡಿ, ತಾನಾಗಿ ಹೊಳೆಯಲಿ ಎಂದು ಕಾಯಬೇಡಿ. ಸೂರ್ಯ, ವರ್ಷ ಎಂಬ ಪರಿಚಿತ ಪದಗಳಲ್ಲಿ ಅದೇ ಗುರುತನ್ನು ತೋರಿಸಿ. ಕನ್ನಡ ಓದು ಕಲಿಯುವ ಮಕ್ಕಳ ಬಗ್ಗೆ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು ಅಕ್ಷರಜ್ಞಾನ ಪೂರ್ತಿಯಾಗಲು ಮೊದಲ ತರಗತಿಗಳನ್ನು ದಾಟಿ ವರ್ಷಗಳೇ ಹಿಡಿಯುತ್ತವೆ ಎಂದು ತೋರಿಸಿತು. ಕಾಗುಣಿತ, ಒತ್ತು ಎಲ್ಲ ಸೇರಿ ಗುರುತುಗಳ ಸಂಖ್ಯೆ ನೂರಾರು ಆಗುವ ಬರಹದಲ್ಲಿ ‘ಐದನೆಯ ತರಗತಿಗೆ ಬಂದರೂ ಒತ್ತಕ್ಷರ ಬರುವುದಿಲ್ಲವೇ’ ಎಂದು ಹುಬ್ಬೇರಿಸುವುದು ಯಾರ ವಿಷಯದಲ್ಲಿಯೂ ನ್ಯಾಯವಲ್ಲ.

ತರಗತಿಯಲ್ಲಿ, ನಲವತ್ತು ನಿಮಿಷ

ಮೊದಲ ಹತ್ತು ನಿಮಿಷ ವಸ್ತುಗಳಿಗೆ. ಎಳೆಗಳಿರುವ ಬೀಜವನ್ನು ಮೇಲಿಂದ ಬಿಡಿ, ಎಳೆ ಕಿತ್ತ ಅದೇ ಬಗೆಯ ಬೀಜವನ್ನು ಪಕ್ಕದಲ್ಲಿ ಬಿಡಿ. ನಾರಿನ ತುಂಡನ್ನು ನೀರಿನಲ್ಲಿ ತೇಲಿಬಿಡಿ. ಕೊಕ್ಕೆಯ ಬೀಜವನ್ನು ಬಟ್ಟೆಗೆ ಅಂಟಿಸಿ. ಯಾವುದೂ ಸಿಗದಿದ್ದರೆ ಹಲಗೆಯ ಮೇಲೆ ನಾಲ್ಕು ದೊಡ್ಡ ಚಿತ್ರ ಬರೆಯಿರಿ. ಆ ಹುಡುಗಿಗೆ ಮಾತ್ರವಲ್ಲ, ಪುಸ್ತಕವಿಲ್ಲದೆ ಕುಳಿತ ಎಲ್ಲರಿಗೂ ಇಲ್ಲಿ ವಿಷಯ ಸಿಗುತ್ತದೆ.

ಮುಂದಿನ ಹದಿನೈದು ನಿಮಿಷ ಪುಸ್ತಕದ ಪಾಠವನ್ನು ನೀವೇ ಗಟ್ಟಿಯಾಗಿ ಓದಿ. ಒಬ್ಬರಾದ ಮೇಲೆ ಒಬ್ಬರಂತೆ ಮಕ್ಕಳಿಂದ ಓದಿಸುವ ವಾಡಿಕೆಯನ್ನು ಈ ಪಾಠದ ಮಟ್ಟಿಗಾದರೂ ಬಿಡಿ. ಸರದಿ ತನಗೆ ಯಾವಾಗ ಬರುತ್ತದೆ ಎಂದು ಎಣಿಸುತ್ತ ಕುಳಿತ ಹುಡುಗಿಗೆ ಅದುವರೆಗೆ ಓದಿದ್ದು ಯಾವುದೂ ಕೇಳಿಸಿರುವುದಿಲ್ಲ. ಒಂದೊಂದು ಪ್ಯಾರಾ ಮುಗಿದಾಗ ನಿಂತು ಒಂದು ಪ್ರಶ್ನೆ ಕೇಳಿ, ಅದರ ಉತ್ತರವನ್ನು ಪ್ರತಿಯೊಬ್ಬರೂ ಪಕ್ಕದವರಿಗೆ ಹೇಳಲಿ. ಹಲಗೆಯ ಮೇಲಿನ ಚಿತ್ರಕ್ಕೆ ಆ ಪ್ಯಾರಾದಿಂದ ಒಂದೇ ಪದ ಸೇರಿಸಿ: ಎಳೆ, ನಾರು, ಕೊಕ್ಕೆ, ಸಿಡಿತ. ಪಾಠ ಮುಗಿಯುವ ಹೊತ್ತಿಗೆ ನಾಲ್ಕು ಚಿತ್ರ, ನಾಲ್ಕು ಪದ ಉಳಿದಿರುತ್ತವೆ.

ಹಲಗೆಯಿಂದ ಟಿಪ್ಪಣಿ ನಕಲು ಮಾಡುವ ಕೆಲಸವನ್ನು ಅವಳಿಗೆ ಕೊಡಬೇಡಿ. ಕಣ್ಣು ಹಲಗೆಗೆ ಹೋಗಿ ಪುಸ್ತಕಕ್ಕೆ ಮರಳುವಷ್ಟರಲ್ಲಿ ಎಲ್ಲಿದ್ದೆ ಎಂಬುದು ತಪ್ಪುತ್ತದೆ. ಒಂದೊಂದೇ ಅಕ್ಷರ ನೋಡಿ ಬರೆಯುವುದರಿಂದ ಅರ್ಥವೂ ಸಿಗುವುದಿಲ್ಲ, ಬರೆದದ್ದರಲ್ಲಿ ತಪ್ಪುಗಳು ಉಳಿದು ಮುಂದೆ ಅವೇ ಓದಲು ಸಿಗುತ್ತವೆ. ಅಕ್ಷರ ಸ್ಪಷ್ಟವಾಗಿ ಬರೆಯುವ ಸಹಪಾಠಿಯ ಹಾಳೆಯ ಕೆಳಗೆ ಒಂದು ಕಾರ್ಬನ್ ಕಾಗದವಿಟ್ಟರೆ ಎರಡನೆಯ ಪ್ರತಿ ತಾನಾಗಿ ಸಿದ್ಧವಾಗುತ್ತದೆ. ಈ ಹುಡುಗಿ ಅದೇ ಸಮಯದಲ್ಲಿ ನಾಲ್ಕು ಚಿತ್ರಗಳನ್ನು ಬರೆದು ಪ್ರತಿಯೊಂದಕ್ಕೂ ಒಂದು ಪದ ಹಾಕಲಿ. ಅವಳು ಬರೆಯುವುದು ಕಡಿಮೆ, ಯೋಚಿಸುವುದು ಇತರರಷ್ಟೇ.

ಉಳಿದ ಹದಿನೈದು ನಿಮಿಷದಲ್ಲಿ ತರಗತಿ ಪ್ರಶ್ನೋತ್ತರ ಬರೆಯುತ್ತಿರುವಾಗ ನೀವು ಅವಳ ಪಕ್ಕಕ್ಕೆ ಹೋಗಿ ಹಾಳೆ ಓದಿಸಿ. ಮೊದಲು ನೀವು ಒಂದು ಸಾಲನ್ನು ಬೆರಳಿಟ್ಟು ಓದಿ. ಎರಡನೆಯ ಬಾರಿ ಅದೇ ಸಾಲನ್ನು ಇಬ್ಬರೂ ಒಟ್ಟಿಗೆ ಓದಿ. ಮೂರನೆಯ ಬಾರಿ ಅವಳೊಬ್ಬಳೇ ಓದಲಿ. ಉಳಿದ ಸಾಲುಗಳನ್ನು ಖಾಲಿ ಕಾಗದದ ಪಟ್ಟಿಯಿಂದ ಮುಚ್ಚಿಟ್ಟರೆ ಸಾಲು ತಪ್ಪುವುದು ಕಡಿಮೆಯಾಗುತ್ತದೆ. ಅವಳು ಒಂದು ಪದದಲ್ಲಿ ನಿಂತರೆ ಮೂರು ನಾಲ್ಕು ಸೆಕೆಂಡು ಕಾಯಿರಿ, ಮೊದಲ ಅಕ್ಷರ ತೋರಿಸಿ, ಆಗಲೂ ಬಾರದಿದ್ದರೆ ಪದವನ್ನು ನೀವೇ ಹೇಳಿ ಮುಂದೆ ಹೋಗಿ. ಒಂದೇ ದಿನ ಇಡೀ ಹಾಳೆ ಮುಗಿಯಬೇಕಿಲ್ಲ. ಮೊದಲ ಐದು ಸಾಲು ಇವತ್ತು, ಉಳಿದದ್ದು ನಾಳೆ ಮತ್ತು ನಾಡಿದ್ದು. ಅದೇ ಹಾಳೆಯನ್ನು ಬೇರೆ ಬೇರೆ ದಿನ ಮತ್ತೆ ಓದುವುದರಿಂದ ಓಟ ಬರುತ್ತದೆ. ಒಂದೇ ದಿನ ಹತ್ತು ಸಲ ಓದಿಸಿದರೆ ಬರುವುದು ದಣಿವು.

ಮೊಬೈಲ್ ಇದ್ದರೆ ಹಾಳೆಯ ಓದನ್ನು ನಿಧಾನವಾಗಿ, ಸಾಲು ಸಾಲಿಗೂ ನಿಂತು ರೆಕಾರ್ಡ್ ಮಾಡಿ ಮನೆಯವರ ಫೋನಿಗೆ ಕಳಿಸಬಹುದು. ಧ್ವನಿ ಕೇಳುತ್ತ ಬೆರಳನ್ನು ಹಾಳೆಯ ಮೇಲೆ ಸಾಗಿಸಬೇಕು ಎಂದು ಹೇಳಿಕೊಡಿ. ಬರಿದೇ ಕೇಳುವುದು ವಿಷಯಕ್ಕೆ ಒಳ್ಳೆಯದು, ಓದಿಗೆ ಅದರಿಂದ ಸಹಾಯವಿಲ್ಲ.

ಓದುತ್ತಿದ್ದಾಳೆಯೇ, ಬಾಯಿಪಾಠ ಹೇಳುತ್ತಿದ್ದಾಳೆಯೇ?

ಮೂರನೆಯ ದಿನ ಹಾಳೆಯನ್ನು ಸರಾಗವಾಗಿ ಹೇಳಿಬಿಟ್ಟರೆ ಸಂತೋಷದ ಜೊತೆಗೆ ಸ್ವಲ್ಪ ಅನುಮಾನವೂ ಇರಲಿ. ಹಲವು ಸಲ ಕೇಳಿದ ಸಾಲುಗಳು ಬಾಯಿಪಾಠವಾಗಿರಬಹುದು. ಹಾಳೆಯ ಸಾಲುಗಳನ್ನು ಪಟ್ಟಿಗಳಾಗಿ ಕತ್ತರಿಸಿ ಕಲೆಸಿ, ಒಂದನ್ನು ಎತ್ತಿ ಓದಲು ಹೇಳಿ. ಇನ್ನೂ ಒಳ್ಳೆಯದೆಂದರೆ, ಅವವೇ ಪದಗಳಿಂದ ಹೊಸ ಸಾಲು ಬರೆದು ಕೊಡುವುದು: ‘ಪ್ರಾಣಿ ನೀರಿನಲ್ಲಿ ತೇಲುತ್ತದೆ.’ ಇದನ್ನು ‘ಪ್ರಾಣಿಯ ಮೈಗೆ ಅಂಟುತ್ತವೆ’ ಎಂದು ಓದಿದರೆ ಮೊದಲ ಪದ ನೋಡಿ ಉಳಿದದ್ದನ್ನು ನೆನಪಿನಿಂದ ಹೇಳುತ್ತಿದ್ದಾಳೆ ಎಂದು ಅರ್ಥ. ಆಗ ಸಾಲುಗಳನ್ನು ಬಿಟ್ಟು ಬಿಡಿ ಪದಗಳಿಗೆ ಹಿಂತಿರುಗಿ. ಕತ್ತರಿಸಿದ ಪಟ್ಟಿಗಳು ವ್ಯರ್ಥವಾಗುವುದಿಲ್ಲ. ಅವನ್ನು ನಾಲ್ಕು ಚಿತ್ರಗಳ ಕೆಳಗೆ ಸರಿಯಾಗಿ ಜೋಡಿಸುವುದೇ ಅವಳ ಲಿಖಿತ ಪರೀಕ್ಷೆಗೆ ಬದಲಿಯಾಗುತ್ತದೆ.

ವಿಷಯದ ಪರೀಕ್ಷೆ ಬೇರೆಯೇ ನಡೆಯಲಿ, ಅದು ಬಾಯಿಮಾತಿನಲ್ಲಿರಲಿ. ಪಾಠದಲ್ಲಿ ಬಾರದ ಒಂದು ಬೀಜದ ಚಿತ್ರ ತೋರಿಸಿ, ಉದಾಹರಣೆಗೆ ಎರಡು ತೆಳು ರೆಕ್ಕೆಯಿರುವ ಒಂದು ಬೀಜ, ‘ಇದು ಹೇಗೆ ದೂರ ಹೋಗಬಹುದು, ಯಾಕೆ ಹಾಗೆನ್ನುತ್ತೀಯಾ?’ ಎಂದು ಕೇಳಿ. ‘ಗಾಳಿಯಲ್ಲಿ, ರೆಕ್ಕೆ ಇದೆ, ಅದಕ್ಕೇ ನಿಧಾನವಾಗಿ ಬೀಳುತ್ತದೆ, ಅಷ್ಟರಲ್ಲಿ ಗಾಳಿ ದೂರ ಒಯ್ಯುತ್ತದೆ’ ಎಂಬ ಉತ್ತರಕ್ಕೆ ಪೂರ್ಣ ಅಂಕ ಸಲ್ಲಬೇಕು. ಬರೆದು ಉತ್ತರಿಸಿದರೆ ವಿಷಯಕ್ಕೂ ಕಾಗುಣಿತಕ್ಕೂ ಬೇರೆ ಬೇರೆ ಅಂಕ ಕೊಡಿ. ‘ಪ್ರಸಾರ’ವನ್ನು ‘ಪಸಾರ’ ಎಂದು ಬರೆದದ್ದಕ್ಕೆ ವಿಜ್ಞಾನದ ಅಂಕ ಕಳೆಯಬಾರದು. ಅದನ್ನು ಮುಂದಿನ ಓದಿನ ಅಭ್ಯಾಸಕ್ಕೆ ಗುರುತು ಹಾಕಿಕೊಳ್ಳಿ.

ಈ ಹಾಳೆಯಿಂದ ಆಗದ ಕೆಲಸ

ಇಷ್ಟರಿಂದ ಒಂದು ಪಾಠ ಅವಳ ಕೈಗೆ ಸಿಗುತ್ತದೆ, ಓದುವ ತೊಡಕು ಮಾತ್ರ ಹಾಗೆಯೇ ಇರುತ್ತದೆ. ಅಕ್ಷರ ಮತ್ತು ಧ್ವನಿಯ ಸಂಬಂಧವನ್ನು ಸುಲಭದಿಂದ ಕಷ್ಟಕ್ಕೆ ಕ್ರಮವಾಗಿ ಕಲಿಸುವ ಕೆಲಸ ಇದರಾಚೆ ಪ್ರತ್ಯೇಕವಾಗಿ ನಡೆಯಬೇಕು. ಅದು ದಿನಕ್ಕೆ ಹದಿನೈದು, ಇಪ್ಪತ್ತು ನಿಮಿಷದಂತೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಕಣ್ಣು, ಕಿವಿಯ ತಪಾಸಣೆ ಆಗಿರದಿದ್ದರೆ ಅದನ್ನು ಮೊದಲು ಮಾಡಿಸಲು ಮನೆಯವರಿಗೆ ಹೇಳಿ. ಯಾವ ಪದಗಳಲ್ಲಿ ನಿಂತಳು, ಏನೆಂದು ಓದಿದಳು ಎಂದು ನೀವು ಬರೆದಿಟ್ಟ ಟಿಪ್ಪಣಿ ಮುಂದೆ ತಜ್ಞರ ಬಳಿಗೆ ಹೋದಾಗ ಬಹಳ ಉಪಯೋಗಕ್ಕೆ ಬರುತ್ತದೆ.

ಹೊಂದಿಸಿದ ಹಾಳೆ ತನಗೆ ಮಾತ್ರ ಎಂಬುದು ಅವಳಿಗೆ ಮುಜುಗರ ತರಬಹುದು. ಬೇರೆಯವರ ಎದುರು ಹಾಳೆಯನ್ನು ಮಡಿಚಿಡುತ್ತಿದ್ದರೆ, ಮನೆಯಲ್ಲಿ ಮರೆತೆ ಎಂದು ಪದೇ ಪದೇ ಹೇಳುತ್ತಿದ್ದರೆ ಅದೇ ಸೂಚನೆ. ಅದೇ 46 ಪದಗಳನ್ನು ಹಲಗೆಯ ಒಂದು ಮೂಲೆಯಲ್ಲಿ ಎಲ್ಲರಿಗೂ ಪಾಠದ ಸಾರವಾಗಿ ಬರೆದುಬಿಟ್ಟರೆ ಈ ತೊಂದರೆ ನೀಗುತ್ತದೆ. ಓದು ಸರಾಗವಾಗಿರುವ ಮಕ್ಕಳಿಗೂ ಅದು ಬೇಕಾಗುತ್ತದೆ.

ಹಾಳೆಗಳನ್ನು ಒಂದೇ ಕಡತದಲ್ಲಿ ಸೇರಿಸಿಡಿ. ಮುಂದಿನ ಪಾಠ ಮೊಳಕೆಯದಾದರೆ ಬೀಜ, ನೀರು, ಬೆಳಕು, ಗಿಡ ಎಂಬ ಪದಗಳು ಮತ್ತೆ ಬರುತ್ತವೆ. ಹೊಸ ಹಾಳೆ ಬರೆಯುವಾಗ ಹಳೆಯದನ್ನು ಪಕ್ಕದಲ್ಲಿಟ್ಟುಕೊಂಡು ಅರ್ಧದಷ್ಟು ಪದಗಳನ್ನಾದರೂ ಅದರಿಂದಲೇ ಎತ್ತಿಕೊಳ್ಳಿ, ಹೊಸ ಒತ್ತಕ್ಷರ ಒಂದೋ ಎರಡೋ ಇರಲಿ.